ಎಳ್ಳಮಾಸಿಯ ಶಿಫ್ಟ್ ಬದಲಿ: ಒಪ್ಪಲಾಗದ ಒಂದು ಮೆಸೇಜು, ಒಪ್ಪಿದ ಇನ್ನೊಂದು

ಸೇಡಂ ಸೀಮೆಯ ಒಂದು ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಶಿಫ್ಟ್ ಪಟ್ಟಿ ಹಾಕುವುದು ನನ್ನ ಕೆಲಸ. ಶಿಫ್ಟ್ ಬದಲಿಗೆ ಒಪ್ಪಿಗೆ ಕೊಡುವವನೂ ನಾನೇ. ನಮ್ಮಲ್ಲಿ ಮೂರು ಶಿಫ್ಟ್: ಬೆಳಿಗ್ಗೆ 6ರಿಂದ ಮಧ್ಯಾಹ್ನ 2ರವರೆಗೆ ಎ, 2ರಿಂದ ರಾತ್ರಿ 10ರವರೆಗೆ ಬಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸಿ. ಕೆಮಿಸ್ಟ್‌ಗಳು ನಾಲ್ವರು. ಮೂವರು ಒಂದೊಂದು ಶಿಫ್ಟಿನಲ್ಲಿ ವಾರವಿಡೀ ಇರುತ್ತಾರೆ. ನಾಲ್ಕನೆಯವರು ರಿಲೀವರ್. ಯಾರಿಗೆ ವಾರದ ರಜೆ ಇರುತ್ತದೋ ಅವರ ಜಾಗದಲ್ಲಿ ನಿಲ್ಲುತ್ತಾರೆ, ಉಳಿದ ದಿನ ಹಗಲಿನ ಜನರಲ್ ಶಿಫ್ಟಿಗೆ ಬರುತ್ತಾರೆ. ಕಿಲ್ನ್ ಹಗಲು ರಾತ್ರಿ ಉರಿಯುತ್ತಿರುವಾಗ ಲ್ಯಾಬಿನಲ್ಲಿ ಕೆಮಿಸ್ಟ್ ಇಲ್ಲದ ಒಂದು ಗಂಟೆಯೂ ಇರಬಾರದು. ಆದ್ದರಿಂದ ಒಬ್ಬರು ಅತ್ತಿತ್ತ ಸರಿದರೂ ಉಳಿದ ಮೂವರ ವಾರ ಅಲುಗಾಡುತ್ತದೆ.

2024ರ ಎಳ್ಳಮಾಸಿ ಡಿಸೆಂಬರ್ 30ಕ್ಕೆ, ಸೋಮವಾರ ಬಂದಿತ್ತು. ಕಲಬುರಗಿ, ಬೀದರ ಕಡೆಯವರಿಗೆ ಆ ದಿನ ಏನೆಂದು ಹೇಳಬೇಕಾಗಿಲ್ಲ. ಜೋಳ, ಕಡಲೆ ನಿಂತಿರುವ ಹೊಲಕ್ಕೆ ಮನೆಮಂದಿಯೆಲ್ಲ ಹೋಗಿ, ಪೂಜೆ ಮಾಡಿ, ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಅಲ್ಲೇ ಕುಳಿತು ಉಣ್ಣುವ ದಿನ. ಹೊಲ ಇದ್ದವರೆಲ್ಲ ಅಂದು ರಜೆ ಕೇಳುತ್ತಾರೆ, ಎಲ್ಲರಿಗೂ ಕೊಡಲಾಗುವುದಿಲ್ಲ. ಆಗ ಉಳಿಯುವ ದಾರಿ ಬದಲಿ ಒಂದೇ. ಬದಲಿಯಲ್ಲಿ ಯಾರ ರಜೆಯೂ ಖರ್ಚಾಗುವುದಿಲ್ಲ, ನನ್ನ ಪಟ್ಟಿಯಲ್ಲಿ ಜನರೂ ಕಡಿಮೆಯಾಗುವುದಿಲ್ಲ. ಹಾಗಿದ್ದೂ ಬದಲಿಯ ಮೆಸೇಜು ಅರ್ಧಂಬರ್ಧ ಇದ್ದರೆ ಕೊಡಬೇಕೆಂಬ ಮನಸ್ಸಿದ್ದರೂ ಕೊಡಲಾಗುವುದಿಲ್ಲ. ಆ ವಾರ ಒಂದೇ ಕೋರಿಕೆ ಎರಡು ರೂಪದಲ್ಲಿ ನನ್ನ ಮುಂದೆ ಬಂತು. ಎರಡನ್ನೂ ಇಲ್ಲಿ ಪೂರ್ತಿ ಇಡುತ್ತೇನೆ. ಹೆಸರುಗಳನ್ನು ಬದಲಿಸಿದ್ದೇನೆ.

ಎಳ್ಳಮಾಸಿ ಬರುವ ವಾರ ಶರಣು ಎ ಶಿಫ್ಟ್, ವಿಜಯಕುಮಾರ ಸಿ ಶಿಫ್ಟ್, ಮೆಹಬೂಬ ರಿಲೀವರ್. ಶರಣುವಿನ ಹೊಲ ಚಿಂಚೋಳಿ ತಾಲೂಕಿನಲ್ಲಿದೆ. ತಂದೆಗೆ ಮೊಣಕಾಲು ನೋವು ಬಂದ ಮೇಲೆ ಚರಗದ ಬುಟ್ಟಿ ಹೊತ್ತು ನಡೆಯುವುದು ಅವನ ಪಾಲಿಗೆ ಬಂದಿದೆ. 24ನೇ ತಾರೀಖು ಅವನು ವಿಜಯಕುಮಾರನಿಗೆ ಕಳಿಸಿದ್ದು ಇದು:

“ವಿಜಯಣ್ಣ, 30ಕ್ಕ ಎಳ್ಳಮಾಸಿ ಅದರಿ. ಅವತ್ತಿನ ನನ್ನ ಡ್ಯೂಟಿ ನೀವು ಹಿಡೀರಿ, ನಿಮ್ಮ ನೈಟ್ ನಾ ಮಾಡ್ತೀನ್ರಿ. ಸಾಹೇಬ್ರಿಗಿ ನಾ ಹೇಳ್ತೀನಿ.”

ಅದಕ್ಕೆ ವಿಜಯಕುಮಾರನ ಉತ್ತರ: “ಆಗ್ಲಿ ತಮ್ಮಾ, ಹೋಗಿ ಬಾ.”

ಇಷ್ಟರದೇ ಸ್ಕ್ರೀನ್‌ಶಾಟ್ ತೆಗೆದು, ಕೆಳಗೆ “ಸರ್, ದಯವಿಟ್ಟು ಒಪ್ಪಿಗಿ ಕೊಡ್ರಿ” ಎಂದು ಬರೆದು ಶರಣು ನನಗೆ ಕಳಿಸಿದ. ಇಬ್ಬರೂ ಒಳ್ಳೆಯ ಹುಡುಗರು, ಒಬ್ಬರಿಗೊಬ್ಬರು ಆಗುವವರು. ಆದರೆ ಆ ಎರಡು ಸಾಲನ್ನು ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದಾಗ ಮೊದಲು ಎದ್ದ ಪ್ರಶ್ನೆ “ನಿಮ್ಮ ನೈಟ್” ಎಂದರೆ ಯಾವ ನೈಟ್ ಎಂಬುದು.

30ನೇ ತಾರೀಖಿಗೆ ತಗಲುವ ರಾತ್ರಿಗಳು ಎರಡು. ಒಂದು 29ರ ರಾತ್ರಿ 10ಕ್ಕೆ ಶುರುವಾಗಿ 30ರ ಬೆಳಿಗ್ಗೆ 6ಕ್ಕೆ ಮುಗಿಯುತ್ತದೆ. ಇನ್ನೊಂದು 30ರ ರಾತ್ರಿ 10ಕ್ಕೆ ಶುರುವಾಗಿ 31ರ ಬೆಳಿಗ್ಗೆ ಮುಗಿಯುತ್ತದೆ. ಮಾತಿನಲ್ಲಿ ಎರಡನ್ನೂ “30ರ ನೈಟ್” ಎನ್ನುವವರು ಇದ್ದಾರೆ. ಲೆಕ್ಕದಲ್ಲಿ ಮಾತ್ರ ಗೊಂದಲವಿಲ್ಲ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 57ನೇ ಕಲಂ ಪ್ರಕಾರ ಮಧ್ಯರಾತ್ರಿ ದಾಟಿ ದುಡಿದ ಗಂಟೆಗಳು ಹಿಂದಿನ ದಿನಕ್ಕೆ ಸೇರುತ್ತಿದ್ದವು. ಶಿಫ್ಟ್ ಶುರುವಾದ ತಾರೀಖೇ ಅದರ ತಾರೀಖು. ಹಾಜರಿ ಲೆಕ್ಕ ಇಡುವ ಟೈಮ್ ಆಫೀಸಿನವರು ನೋಡುವುದು ಹೀಗೆ. ಆದರೆ ಮೆಸೇಜು ಬರೆದವನ ಮನಸ್ಸಿನಲ್ಲಿ ಇನ್ನೊಂದು ರಾತ್ರಿ ಇದ್ದರೆ, ಒಂದು ರಾತ್ರಿ ಲ್ಯಾಬಿನಲ್ಲಿ ಇಬ್ಬರು ಬಂದು ನಿಲ್ಲುತ್ತಾರೆ, ಇನ್ನೊಂದು ರಾತ್ರಿ ಯಾರೂ ಇರುವುದಿಲ್ಲ.

ಯಾವ ರಾತ್ರಿ ಎಂದು ಇತ್ಯರ್ಥವಾದರೂ ಈ ಬದಲಿ ನಡೆಯುವಂಥದ್ದಾಗಿರಲಿಲ್ಲ. 30ರ ರಾತ್ರಿ ಎಂದೇ ಇಟ್ಟುಕೊಳ್ಳೋಣ. ವಿಜಯಕುಮಾರ 29ರ ರಾತ್ರಿ ತನ್ನದೇ ಸಿ ಶಿಫ್ಟ್ ಮುಗಿಸಿ 30ರ ಬೆಳಿಗ್ಗೆ 6ಕ್ಕೆ ಹೊರಗೆ ಬರಬೇಕಾದವನು, ಅಲ್ಲೇ ಶರಣುವಿನ ಎ ಶಿಫ್ಟಿಗೆ ಕೂರಬೇಕು. ಅಲ್ಲಿಗೆ ರಾತ್ರಿ 10ರಿಂದ ಮರುದಿನ ಮಧ್ಯಾಹ್ನ 2ರವರೆಗೆ, 16 ಗಂಟೆ. ಇತ್ತ ಶರಣು ಹೊಲದಿಂದ ಬಂದು 30ರ ರಾತ್ರಿ 10ಕ್ಕೆ ಸಿ ಶಿಫ್ಟ್ ಹಿಡಿದರೆ 31ರ ಬೆಳಿಗ್ಗೆ 6ಕ್ಕೆ ಅವನ ಸ್ವಂತ ಎ ಶಿಫ್ಟ್ ಕಾದಿರುತ್ತದೆ. ಅವನಿಗೂ 16 ಗಂಟೆ. ಒಂದು ದಿನದ ಬದಲಿ, ಎರಡು ಡಬಲ್ ಡ್ಯೂಟಿ. 29ರ ರಾತ್ರಿಯದ್ದು ಎಂದಿಟ್ಟುಕೊಂಡರೆ ಶರಣು 29ರ ಮಧ್ಯಾಹ್ನ 2ಕ್ಕೆ ಮನೆಗೆ ಹೋಗಿ, ರಾತ್ರಿ 10ಕ್ಕೆ ಮತ್ತೆ ಬಂದು, ನಿದ್ದೆಯಿಲ್ಲದೆ ಬೆಳಿಗ್ಗೆ 6ಕ್ಕೆ ಚಿಂಚೋಳಿಯ ದಾರಿ ಹಿಡಿಯಬೇಕು. ಇತ್ತ ವಿಜಯಕುಮಾರ 30ರಂದು ಎ ಶಿಫ್ಟ್ ಮುಗಿಸಿ ಅದೇ ರಾತ್ರಿ ತನ್ನ ಸಿ ಶಿಫ್ಟಿಗೆ ಮರಳಬೇಕು. ಸಿ ಶಿಫ್ಟಿನವರ ಜೊತೆ ಎ ಶಿಫ್ಟಿನವರು ಒಂದೇ ದಿನಕ್ಕೆ ಅದಲುಬದಲಾದರೆ ಯಾವ ಕಡೆಯಿಂದ ಎಣಿಸಿದರೂ ಒಬ್ಬರ ನಿದ್ದೆಗೆ ಕತ್ತರಿ ಬೀಳುತ್ತದೆ. ಬದಲಿ ಕೇಳುವವರು ಆ ದಿನವನ್ನಷ್ಟೇ ನೋಡುತ್ತಾರೆ. ಅದರ ಹಿಂದಿನ ಶಿಫ್ಟ್, ಮುಂದಿನ ಶಿಫ್ಟ್ ಎರಡನ್ನೂ ನೋಡಿದಾಗ ಮಾತ್ರ ಇದು ಕಣ್ಣಿಗೆ ಬೀಳುತ್ತದೆ.

ಶರಣುವಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಇಲ್ಲ ಎಂದಷ್ಟೇ ಹೇಳಿದರೆ ಆ ಹುಡುಗ ಮುಂದೇನು ಮಾಡಬೇಕು? ಪಟ್ಟಿಯಲ್ಲಿ 30ಕ್ಕೆ ಯಾರಿಗೆ ವಾರದ ರಜೆ ಇದೆ ನೋಡು ಎಂದೆ. ಮೆಹಬೂಬನಿಗಿತ್ತು. ಶರಣುವಿನ ವಾರದ ರಜೆ ಜನವರಿ 2, ಗುರುವಾರ. ಅವತ್ತು ಶರಣುವಿನ ಎ ಶಿಫ್ಟಿಗೆ ಬರಬೇಕಾಗಿದ್ದ ರಿಲೀವರ್ ಕೂಡ ಮೆಹಬೂಬನೇ. ಅಂದರೆ ಇಬ್ಬರೂ ರಜೆಯನ್ನು ಅದಲುಬದಲು ಮಾಡಿಕೊಂಡರೆ ಸಾಕು. 30ರಂದು ಮೆಹಬೂಬ ಎ ಶಿಫ್ಟ್, 2ರಂದು ಶರಣು ಎ ಶಿಫ್ಟ್. ಎರಡೂ ಹಗಲು, ಎರಡೂ ಅದೇ ಗಂಟೆ, ಮೂರನೆಯವರನ್ನು ಮುಟ್ಟುವ ಅಗತ್ಯವಿಲ್ಲ.

ಶರಣು ಮೆಹಬೂಬನಿಗೆ ಬರೆದ ಮೊದಲ ಸಾಲು ಇದು: “ಮೆಹಬೂಬಭಾಯಿ, 30ಕ್ಕ ನಿಮ್ಮ ಆಫ್ ನನಗ ಕೊಡ್ರಿ. ಮುಂದಿನ ವಾರದಾಗ ನಿಮಗ ಯಾವಾಗ ಬೇಕೋ ಅವಾಗ ನಾ ನಿಮ್ಮ ಡ್ಯೂಟಿ ಮಾಡ್ತೀನ್ರಿ.”

ಕೇಳಲು ಇದು ತೀರ ಉದಾರವಾದ ಮಾತು. ಕೊಡುವವನಿಗೆ ಆಯ್ಕೆ ಬಿಟ್ಟುಕೊಡುವುದು ನಮ್ಮ ಕಡೆಯ ಮರ್ಯಾದೆಯೂ ಹೌದು. ಆದರೆ ಬದಲಿಯ ಮೆಸೇಜಿನಲ್ಲಿ ತೊಂದರೆ ಕೊಡುವುದು ಇದೇ ಸಾಲು. ಮರಳಿ ಕೊಡುವ ದಿನ ಗೊತ್ತಿಲ್ಲದಿದ್ದರೆ ನಾನು ಒಪ್ಪುವುದು ಅರ್ಧ ಬದಲಿಯನ್ನು ಮಾತ್ರ. ಇನ್ನರ್ಧ ಯಾವಾಗ ಬರುತ್ತದೆ, ಅಂದು ಅವರಿಬ್ಬರೂ ಯಾವ ಶಿಫ್ಟಿನಲ್ಲಿರುತ್ತಾರೆ ಎಂಬುದು ಯಾರಿಗೂ ತಿಳಿದಿರುವುದಿಲ್ಲ.

ಇಲ್ಲಿ ಇನ್ನೂ ಒಂದು ಗಟ್ಟಿಯಾದ ತಡೆ ಇತ್ತು. ವಾರದ ರಜೆಯನ್ನು ಬೇರೆ ದಿನಕ್ಕೆ ಬದಲಿಸಿದಾಗ ಯಾವ ಕಾರ್ಮಿಕನೂ ಪೂರ್ತಿ ಒಂದು ದಿನದ ರಜೆಯಿಲ್ಲದೆ ಸತತ ಹತ್ತು ದಿನಕ್ಕಿಂತ ಹೆಚ್ಚು ದುಡಿಯಬಾರದು ಎನ್ನುತ್ತಿತ್ತು ಅದೇ ಕಾಯ್ದೆಯ 52ನೇ ಕಲಂ. ಮೆಹಬೂಬನ ಹಿಂದಿನ ರಜೆ ಡಿಸೆಂಬರ್ 26. 27ರಿಂದ ಅವನು ಡ್ಯೂಟಿಯಲ್ಲಿದ್ದ. 30ರ ರಜೆಯನ್ನು ಶರಣುವಿಗೆ ಕೊಟ್ಟು, ಅದರ ಬದಲಿಗೆ ಮುಂದಿನ ವಾರ, ಜನವರಿ 7ಕ್ಕೆ ರಜೆ ತೆಗೆದುಕೊಂಡಿದ್ದರೆ 27ರಿಂದ 6ರವರೆಗೆ ಸತತ 11 ದಿನ ಆಗುತ್ತಿತ್ತು. ಜನವರಿ 2ಕ್ಕೇ ಮರಳಿ ಪಡೆದರೆ ಡಿಸೆಂಬರ್ 27ರಿಂದ ಜನವರಿ 1ರವರೆಗೆ ಆರೇ ದಿನ. ಶರಣುವಿನ ಕಡೆಯೂ ಎಣಿಸಿದೆ: 30ಕ್ಕೆ ರಜೆ, 31ರಿಂದ ಜನವರಿ 5ರವರೆಗೆ ಆರು ದಿನ ಡ್ಯೂಟಿ. 6ಕ್ಕೆ ಅವನು ರಿಲೀವರ್ ಸಾಲಿನಲ್ಲಿರುವುದರಿಂದ ಸೋಮವಾರದ ರಜೆ ಇದ್ದೇ ಇದೆ. ಹಾಗಾಗಿ ಮರಳಿ ಕೊಡುವ ದಿನ ಅದೇ ವಾರದೊಳಗೆ ಇರಲಿ ಎಂದು ನಾನು ಹೇಳುವುದು ಹಟಕ್ಕಲ್ಲ, ಈ ಎಣಿಕೆ ತಪ್ಪಬಾರದೆಂದು. ವಾರ ದಾಟಿದ ಕೂಡಲೇ ಶಿಫ್ಟ್‌ಗಳು ತಿರುಗಿಬಿಡುತ್ತವೆ, ಲೆಕ್ಕ ಮೊದಲಿನಿಂದ ಹಾಕಬೇಕಾಗುತ್ತದೆ.

ಇನ್ನು ಕೆಲಸದ ವಿಷಯ. ಕೆಮಿಸ್ಟ್ ಜಾಗದಲ್ಲಿ ಕೆಮಿಸ್ಟ್ ಇದ್ದರೆ ಆಯಿತು ಎನ್ನಿಸಬಹುದು. 30ರ ಎ ಶಿಫ್ಟಿನಲ್ಲಿ ಒಂದು ಕೆಲಸಕ್ಕೆ ಗಡಿಯಾರ ಕಟ್ಟಿತ್ತು. ಸಿಮೆಂಟಿನ ಬಲ ನೋಡಲು ಮರಳಿನ ಜೊತೆ ಕಲಸಿ 70.6 ಮಿಲಿಮೀಟರ್ ಬದಿಯ ಕ್ಯೂಬ್ ಹಾಕುತ್ತೇವೆ. ಒಂದು ದಿನದ ಮೇಲೆ ಅಚ್ಚಿನಿಂದ ಬಿಡಿಸಿ ನೀರಿನ ತೊಟ್ಟಿಯಲ್ಲಿಟ್ಟು, ಮೂರು, ಏಳು, ಇಪ್ಪತ್ತೆಂಟು ದಿನಕ್ಕೆ ಮೆಷಿನ್ನಿನಲ್ಲಿಟ್ಟು ಮುರಿಯುತ್ತೇವೆ. ಮೂರು ದಿನ ಎಂದರೆ 72 ಗಂಟೆ, ಹಿಂದೆ ಮುಂದೆ ಒಂದೇ ಗಂಟೆಯ ಅವಕಾಶ. 27ರ ಬೆಳಿಗ್ಗೆ ಹತ್ತೂವರೆಗೆ ಹಾಕಿದ ಕ್ಯೂಬನ್ನು 30ರ ಬೆಳಿಗ್ಗೆ ಒಂಬತ್ತೂವರೆ ಮತ್ತು ಹನ್ನೊಂದೂವರೆಯ ನಡುವೆ ಮುರಿಯಲೇಬೇಕು. ಆ ಹೊತ್ತು ದಾಟಿದರೆ ಮೂರು ದಿನದ ಬಲ ಎಂದು ಬರೆದುಕೊಳ್ಳಲು ಆಗುವುದಿಲ್ಲ. ಆ ಬ್ಯಾಚಿಗೆ ಅದನ್ನು ಮತ್ತೆ ಪಡೆಯುವ ದಾರಿಯೂ ಇಲ್ಲ. ಬದಲಿಗೆ ಬರುವವರಿಗೆ ಅಂದು ಯಾವ ಕ್ಯೂಬ್, ಎಷ್ಟು ಹೊತ್ತಿಗೆ ಎಂದು ತಿಳಿದಿರಬೇಕು, ಅದು ಮೆಸೇಜಿನಲ್ಲೇ ಇರಬೇಕು. ಹಿಂದಿನ ವಾರದಲ್ಲಿ ಬರುವ 27ರಂದು ಎ ಶಿಫ್ಟಿನಲ್ಲಿದ್ದವನು ಮೆಹಬೂಬನೇ ಆದ್ದರಿಂದ ಆ ಕ್ಯೂಬ್ ಹಾಕುವ ಕೈಯೂ ಅವನದೇ ಆಗಲಿತ್ತು. ಈ ಜೋಡಿಯನ್ನು ಒಪ್ಪಲು ಅದು ನನಗೆ ಇನ್ನೊಂದು ಕಾರಣ.

26ರ ಸಂಜೆ ನಮ್ಮ ಮೂವರ ಗುಂಪಿನಲ್ಲಿ ಶರಣು ಹಾಕಿದ ಮೆಸೇಜು ಹೀಗಿತ್ತು:

“ಮೆಹಬೂಬಭಾಯಿ, ನಮಸ್ಕಾರ. ಎಳ್ಳಮಾಸಿಗಿ ಊರಿಗಿ ಹೋಗಬೇಕಾಗ್ಯಾದ. ಆಫ್ ಬದಲಿ ಮಾಡ್ಕೊಳ್ಳೋಣೇನ್ರಿ?

ಡಿಸೆಂಬರ್ 30, ಸೋಮವಾರ, ಎ ಶಿಫ್ಟ್ (ಬೆಳಿಗ್ಗಿ 6ರಿಂದ 2): ನನ್ನ ಬದಲಿಗಿ ನೀವು. ನನಗ ಆಫ್.

ಜನವರಿ 2, ಗುರುವಾರ, ಎ ಶಿಫ್ಟ್ (ಬೆಳಿಗ್ಗಿ 6ರಿಂದ 2): ನಿಮ್ಮ ಬದಲಿಗಿ ನಾನು. ನಿಮಗ ಆಫ್.

ನೀವು 29ಕ್ಕ ಜನರಲ್, 31ಕ್ಕ ಜನರಲ್ ಇದ್ದೀರಿ. ನಾ 29ಕ್ಕ ಎ, 31ಕ್ಕ ಎ. ಇಬ್ಬರಿಗೂ ಡಬಲ್ ಡ್ಯೂಟಿ ಬರಂಗಿಲ್ಲ, ಇಬ್ಬರಿಗೂ ಆ ವಾರ ಒಂದೊಂದು ಆಫ್ ಉಳೀತದ. 30ಕ್ಕ ಹತ್ತೂವರಿಗಿ 27ರ ಕ್ಯೂಬ್ ಮುರಿಯೂದದ, ರಿಜಿಸ್ಟರ್ ಟೇಬಲ್ ಮ್ಯಾಲ ತೆಗೆದಿಟ್ಟಿರ್ತೀನಿ.

ನಿಮಗ ಆಗತಿದ್ರ ಇಲ್ಲೇ ‘ಒಪ್ಪಿದೀನಿ’ ಅಂತ ಹಾಕ್ರಿ. ಆಗದಿದ್ರೂ ಹೇಳ್ರಿ, ಬ್ಯಾಸರ ಇಲ್ಲ. ಸರ್, ಶನಿವಾರ 28ರ ಮಧ್ಯಾಹ್ನದೊಳಗ ನಿಮ್ಮ ಒಪ್ಪಿಗಿ ಸಿಕ್ರ ಟೈಮ್ ಆಫೀಸಿಗಿ ಕೊಡ್ತೀನ್ರಿ.”

ಹತ್ತು ನಿಮಿಷದೊಳಗೆ ಮೆಹಬೂಬ ಬರೆದ: “ಒಪ್ಪಿದೀನಿ. 30ಕ್ಕ ಎ ಶಿಫ್ಟ್ ನಂದು. 2ಕ್ಕ ನಂದು ಆಫ್. ಆರಾಮಾಗಿ ಹೋಗಿ ಬಾ ಶರಣಪ್ಪಾ, ಭಜ್ಜಿ ಮರೀಬ್ಯಾಡ.”

ನಾನು ಬರೆದದ್ದು ಒಂದೇ ಸಾಲು: “ಒಪ್ಪಿಗೆ ಇದೆ. 30 ಎ ಮೆಹಬೂಬ, 2 ಎ ಶರಣು.” ಪಟ್ಟಿ ತೆರೆದು ನೋಡಿ ಉತ್ತರಿಸುವ ಹೊತ್ತಿಗೆ ಒಂದು ಚಹಾ ಮುಗಿದಿರಲಿಲ್ಲ. 24ರ ಮೆಸೇಜಿಗೆ ಫೋನಿನಲ್ಲೇ ಅರ್ಧ ಗಂಟೆ ಹೋಗಿತ್ತು.

ಈ ಮೆಸೇಜಿನ ಕೆಲವು ಸಂಗತಿಗಳ ಮೇಲೆ ಬೆರಳಿಟ್ಟು ತೋರಿಸಬೇಕು. ತಾರೀಖಿನ ಜೊತೆ ವಾರ, ಶಿಫ್ಟಿನ ಜೊತೆ ಗಂಟೆ ಇದೆ. ತಾರೀಖು ತಪ್ಪಾಗಿದ್ದರೆ ವಾರ ಅದನ್ನು ಹಿಡಿದುಕೊಡುತ್ತದೆ. 30 ಎಂದು ಬರೆದು ಮುಂದೆ ಮಂಗಳವಾರ ಎಂದಿದ್ದರೆ ಅಲ್ಲೇ ನಿಲ್ಲಿಸಿ ಕೇಳುತ್ತಿದ್ದೆ. ರಾತ್ರಿ ಶಿಫ್ಟಿನ ಬದಲಿಯಾಗಿದ್ದರೆ ಎರಡು ತಾರೀಖನ್ನೂ ಬರೆಯಲು ಹೇಳುತ್ತೇನೆ: “30ರ ರಾತ್ರಿ 10ರಿಂದ 31ರ ಬೆಳಿಗ್ಗೆ 6”. ಹಿಂದಿನ ಮುಂದಿನ ಶಿಫ್ಟುಗಳನ್ನು ಶರಣು ತಾನೇ ಎಣಿಸಿ ಬರೆದಿದ್ದರಿಂದ ನನಗೆ ಉಳಿದದ್ದು ತಾಳೆ ನೋಡುವ ಕೆಲಸ ಮಾತ್ರ. ಕಾರಣವನ್ನು ಒಂದೇ ಸಾಲಿನಲ್ಲಿ ಹೇಳಿದ್ದಾನೆ, ಅಷ್ಟು ಸಾಕು. ಒಬ್ಬರ ಮನೆಯ ಕಷ್ಟ ಸುಖವನ್ನೆಲ್ಲ ಬಿಡಿಸಿ ಬರೆಸಿಕೊಂಡು ಒಪ್ಪಿಗೆ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಬದಲಿ ಸರಿಹೊಂದುತ್ತದೋ ಇಲ್ಲವೋ ಎಂಬುದಕ್ಕೂ ಕಾರಣಕ್ಕೂ ಸಂಬಂಧವಿಲ್ಲ.

“ಆಗದಿದ್ರೂ ಹೇಳ್ರಿ, ಬ್ಯಾಸರ ಇಲ್ಲ” ಎಂಬ ಮಾತು ನನಗೆ ಬಹಳ ಮುಖ್ಯ. ಮೇಲಧಿಕಾರಿ ಇರುವ ಗುಂಪಿನಲ್ಲಿ ಕೇಳಿದಾಗ ಇಲ್ಲ ಎನ್ನುವುದು ಕಷ್ಟ. ಆದ್ದರಿಂದಲೇ ಗುಂಪಿಗೆ ಹಾಕುವ ಮೊದಲು ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡಿರಬೇಕು. ಶರಣು ಹಾಗೇ ಮಾಡಿದ್ದ. ಆದರೂ ಒಪ್ಪಿಗೆ ಮೆಹಬೂಬನ ಸ್ವಂತ ಫೋನಿನಿಂದ, ಅವನದೇ ಮಾತಿನಲ್ಲಿ ಬರಬೇಕು. ಹೆಬ್ಬೆಟ್ಟು ಎತ್ತಿದ ಇಮೋಜಿ ಹಾಕಿದರೆ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು “ಓದಿದೆ” ಎಂದೂ ಆಗಬಹುದು. ತಾನು ಯಾವ ದಿನ ಬರುತ್ತೇನೆ ಎಂದು ತಿರುಗಿ ಬರೆದಾಗ ಇಬ್ಬರ ತಲೆಯಲ್ಲೂ ಒಂದೇ ಲೆಕ್ಕ ಇದೆ ಎಂದು ಗೊತ್ತಾಗುತ್ತದೆ.

ಶನಿವಾರದ ಗಡುವಿಗೆ ಕಾರಣ ಟೈಮ್ ಆಫೀಸು. ಭಾನುವಾರ ಅಲ್ಲಿ ಪಟ್ಟಿ ತಿದ್ದುವವರು ಇರುವುದಿಲ್ಲ, ಸೋಮವಾರ ಬೆಳಿಗ್ಗೆ 6ಕ್ಕೆ ಡ್ಯೂಟಿ. ನನ್ನ ಒಪ್ಪಿಗೆ ಫೋನಿನಲ್ಲಿ ಮಾತ್ರ ಉಳಿದು ಪಟ್ಟಿ ಹಾಗೇ ಇದ್ದರೆ, ಪಂಚ್ ಮೆಷಿನ್ನಿನ ಲೆಕ್ಕದಲ್ಲಿ ಶರಣು 30ರಂದು ಗೈರು. ಮೆಹಬೂಬ ರಜೆಯ ದಿನ ಒಳಗೆ ಬಂದವನು. ಒಬ್ಬನ ಸಂಬಳ ಹಿಡಿಯುತ್ತದೆ, ಇನ್ನೊಬ್ಬನ ಹಾಜರಿಯ ಮೇಲೆ ತಿಂಗಳ ಕೊನೆಗೆ ಪ್ರಶ್ನೆ ಬರುತ್ತದೆ. ಕಾಯ್ದೆಯ 63ನೇ ಕಲಮಿನ ಮಾತೂ ಇದೇ ಆಗಿತ್ತು: ಕಾರ್ಮಿಕನ ಹೆಸರಿನ ಮುಂದೆ ರಿಜಿಸ್ಟರಿನಲ್ಲಿ ಮೊದಲೇ ಬರೆದ ಹೊತ್ತಿಗೆ ಹೊರತಾಗಿ ಅವನನ್ನು ದುಡಿಸಬಾರದು. ಬದಲಿ ನಡೆದ ಮೇಲೆ ತಿದ್ದಿದರೆ ನಡೆಯುವುದಿಲ್ಲ, ನಡೆಯುವ ಮೊದಲು ತಿದ್ದಿರಬೇಕು. ಶರಣು ಗುಂಪಿನ ಮೆಸೇಜನ್ನೇ ಬದಲಿ ಚೀಟಿಯಲ್ಲಿ ಇಳಿಸಿದ, ಇಬ್ಬರೂ ಸಹಿ ಹಾಕಿದರು, ನಾನು ಹಾಕಿದೆ, ಶನಿವಾರ ಹನ್ನೆರಡರೊಳಗೆ ಟೈಮ್ ಆಫೀಸಿಗೆ ಹೋಯಿತು.

ಒಪ್ಪಿಗೆ ಬಿದ್ದ ಮೇಲೆ 30ರ ಎ ಶಿಫ್ಟ್ ಮೆಹಬೂಬನದು. ಅವನಿಗೆ ಅಂದು ಜ್ವರ ಬಂದರೆ ಅವನು ನನಗೆ ಹೇಳಬೇಕು, ಶರಣುವಿಗಲ್ಲ. ಹೊಲದಲ್ಲಿ ನಿಂತವನನ್ನು ಚಿಂಚೋಳಿಯಿಂದ ಕರೆಸುವುದು ನ್ಯಾಯವಲ್ಲ. ಹಿಂದಿನ ಸಂಜೆ 6ರೊಳಗೆ ತಿಳಿದರೆ ಮಾತ್ರ ಬದಲಿ ರದ್ದಾಗಿ ಶರಣು ಬರಬೇಕು ಎಂಬುದು ನಮ್ಮ ಲ್ಯಾಬಿನ ವಾಡಿಕೆ. ಅದರ ನಂತರ ಜನ ಹುಡುಕುವುದು ನನ್ನ ಜವಾಬ್ದಾರಿ. ಅಂಥದ್ದೇನೂ ಆಗಲಿಲ್ಲ. ಕ್ಯೂಬ್ ಹೊತ್ತಿಗೆ ಸರಿಯಾಗಿ ಮುರಿಯಿತು, 2ರಂದು ಶರಣು ಆರಕ್ಕೆ ಐದು ನಿಮಿಷ ಮೊದಲೇ ಬಂದಿದ್ದ.

ಗುಂಪಿಗೆ ಬರದ ಒಂದು ಮಾತೂ ಇತ್ತು. ಫೋನಿನಲ್ಲಿ ಶರಣು “ರಮಜಾನಿಗಿ ನಿಮ್ಮ ಡ್ಯೂಟಿ ನಂದು ಭಾಯಿ” ಎಂದು ಹೇಳಿದ್ದನಂತೆ. ಅದನ್ನು ಮೆಸೇಜಿನಲ್ಲಿ ಹಾಕದೇ ಇದ್ದದ್ದು ಒಳ್ಳೆಯದಾಯಿತು. ಹಾಕಿದ್ದರೆ ಇನ್ನೂ ಹಾಕದ ಪಟ್ಟಿಗೆ ನಾನು ಒಪ್ಪಿಗೆ ಕೊಟ್ಟಂತಾಗುತ್ತಿತ್ತು. ಅವರಿಬ್ಬರ ನಡುವಿನ ಮಾತು ಅವರಿಬ್ಬರದು, ಒಪ್ಪಿಗೆ ಮಾತ್ರ ಒಂದೊಂದು ಬದಲಿಗೂ ಬೇರೆಬೇರೆ. ಮಾರ್ಚಿನಲ್ಲಿ ಮೆಹಬೂಬನ ಮೆಸೇಜು ಬಂದಾಗ ಅದಕ್ಕೆ ಬೇರೆಯದೇ ಆಕಾರ ಬೇಕಾಯಿತು, ಏಕೆಂದರೆ ಹಬ್ಬದ ದಿನ ಚಂದ್ರದರ್ಶನದ ಮೇಲೆ ನಿಂತಿತ್ತು. “ಮಾರ್ಚ್ 30ರ ಸಂಜಿ ಚಂದ್ರ ಕಂಡ್ರ 31, ಸೋಮವಾರ. ಕಾಣದಿದ್ರ ಏಪ್ರಿಲ್ 1, ಮಂಗಳವಾರ. ಎರಡರಾಗ ಯಾವುದಾದ್ರೂ ಒಂದೇ ದಿನ ಬದಲಿ. ಎರಡೂ ದಿನಕ್ಕ ಶರಣು ಒಪ್ಪ್ಯಾನ್ರಿ.” ಎರಡೂ ದಿನದ ಹಿಂದಿನ ಮುಂದಿನ ಶಿಫ್ಟ್ ನೋಡಿ, ಎರಡು ಚೀಟಿಗೂ ಸಹಿ ಹಾಕಿ ಟೈಮ್ ಆಫೀಸಿನಲ್ಲಿಟ್ಟೆ. 30ರ ಸಂಜೆ ಚಂದ್ರ ಕಂಡ ಸುದ್ದಿ ಬಂದ ಮೇಲೆ 31ರ ಚೀಟಿ ಏರಿಸಿ, ಇನ್ನೊಂದನ್ನು ರದ್ದು ಮಾಡಿಸಿದೆ.